ಮಿರಜದ ಮರಣ ನೋಂದಣಿಯಿಂದ ಆಯುಷ್ಯ ಕೋಷ್ಟಕದವರೆಗೆ: ನಿರೀಕ್ಷಿತ ಆಯುಷ್ಯದ ಲೆಕ್ಕ

ಭೂಗೋಳದ ಜನಸಂಖ್ಯೆಯ ಪಾಠದಲ್ಲಿ ‘ಜನನಕಾಲದ ನಿರೀಕ್ಷಿತ ಆಯುಷ್ಯ’ ಎಂಬ ಮಾತು ಬಂದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. “ಗುರುಗಳೇ, ಭಾರತೀಯರ ಆಯುಷ್ಯ 70 ವರ್ಷವೆಂದು ಬರೆದಿದೆ. ನಮ್ಮ ಅಜ್ಜಿಗೆ 84 ಆಯಿತಲ್ಲ?” ಈ ಪ್ರಶ್ನೆಗೆ ‘ಅದು ಸರಾಸರಿ’ ಎಂದು ಉತ್ತರಿಸಿ ಮುಂದೆ ಸಾಗುವುದು ರೂಢಿ. ಉತ್ತರ ತಪ್ಪಲ್ಲ, ಆದರೆ ಸಾಲದು. ಯಾವುದರ ಸರಾಸರಿ, ಯಾರ ಸರಾಸರಿ, ಯಾವ ದಾಖಲೆಯಿಂದ ಬಂದ ಸರಾಸರಿ ಎಂಬುದನ್ನು ಅದು ಹೇಳುವುದಿಲ್ಲ. ಸಾಂಗಲಿ ಜಿಲ್ಲೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಮೂರು ಪ್ರಶ್ನೆಗಳನ್ನು ವಿವರಿಸಲು ಅತ್ಯುತ್ತಮ ಉದಾಹರಣೆ ಹತ್ತಿರದಲ್ಲಿಯೇ ಇದೆ. ಅದು ಮಿರಜ ನಗರ.

ಮಿರಜದಲ್ಲಿ ಮಡಿದವರೆಲ್ಲ ಮಿರಜದವರಲ್ಲ

ಮಿರಜವು ವೈದ್ಯಕೀಯ ಸೇವೆಗೆ ಹೆಸರಾದ ಊರು. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆಯಿಂದ ಈ ಖ್ಯಾತಿ ಮೊದಲಾಯಿತು. ಮುಂದೆ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅನೇಕ ಖಾಸಗಿ ಆಸ್ಪತ್ರೆಗಳೂ ಇಲ್ಲಿ ಬೆಳೆದವು. ರೈಲ್ವೆ ಜಂಕ್ಷನ್ ಇರುವುದರಿಂದ ದೂರದವರಿಗೂ ಬಂದು ಹೋಗುವುದು ಸುಲಭ. ಜತ್ತ, ಕವಠೆ ಮಹಾಂಕಾಳ ತಾಲೂಕುಗಳ ಹಳ್ಳಿಗಳಿಂದಲೂ ಗಡಿಯಾಚೆಯ ಅಥಣಿ, ಕಾಗವಾಡ, ರಾಯಬಾಗಗಳಿಂದಲೂ ರೋಗ ಉಲ್ಬಣಿಸಿದಾಗ ಜನರು ಮಿರಜಕ್ಕೆ ಬರುತ್ತಾರೆ. ಅವರಲ್ಲಿ ಬಹುಪಾಲು ಗುಣವಾಗಿ ಮರಳುತ್ತಾರೆ. ಕೆಲವರು ಅಲ್ಲಿಯೇ ಕೊನೆಯುಸಿರೆಳೆಯುತ್ತಾರೆ.

1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಪ್ರಕಾರ ಮರಣವು ಎಲ್ಲಿ ಸಂಭವಿಸಿತೋ ಆ ಸ್ಥಳದ ನಿಬಂಧಕರಲ್ಲಿಯೇ ಅದು ನೋಂದಣಿಯಾಗಬೇಕು. ಸೂಚನೆ ನೀಡಲು ಇರುವ ಅವಧಿ 21 ದಿನ. ಮನೆಯಲ್ಲಿ ಮರಣವಾದರೆ ಕುಟುಂಬದ ಹಿರಿಯರು, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿಗಳು ಸೂಚನೆ ಕೊಡಬೇಕು. ಆದ್ದರಿಂದ ಜತ್ತ ತಾಲೂಕಿನ ಹಳ್ಳಿಯೊಂದರ ರೈತರು ಮಿರಜದ ಆಸ್ಪತ್ರೆಯಲ್ಲಿ ನಿಧನರಾದರೆ ಆ ಮರಣವು ಅವರ ಗ್ರಾಮಪಂಚಾಯತಿಯ ದಾಖಲೆಗೆ ಬರುವುದಿಲ್ಲ. ಅದು ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ದಾಖಲೆಗೆ ಸೇರುತ್ತದೆ. ಅಥಣಿಯ ರೋಗಿಯ ಮರಣವಾದರೆ ಅದು ಇನ್ನೊಂದು ರಾಜ್ಯದ ಲೆಕ್ಕಕ್ಕೇ ಹೋಗುತ್ತದೆ.

ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ವ್ಯವಸ್ಥೆ. ಘಟನೆ ನಡೆದ ಸ್ಥಳದಲ್ಲಿಯೇ ಅದನ್ನು ಖಚಿತಪಡಿಸಿಕೊಳ್ಳುವುದು ಸುಲಭ, ಒಂದೇ ಮರಣ ಎರಡು ಕಡೆ ದಾಖಲಾಗುವ ಭಯವೂ ಇಲ್ಲ. ಆದರೆ ಆಯುಷ್ಯದ ಲೆಕ್ಕಕ್ಕೆ ಇದರಿಂದ ತೊಡಕುಂಟಾಗುತ್ತದೆ. ಮರಣಪ್ರಮಾಣವೆಂದರೆ ಒಂದು ಭಾಗಾಕಾರ. ಮೇಲೆ ಮರಣಗಳ ಸಂಖ್ಯೆ, ಕೆಳಗೆ ಜನಸಂಖ್ಯೆ. ಕೆಳಗಿನ ಸಂಖ್ಯೆ ಜನಗಣತಿಯಿಂದ ಬರುತ್ತದೆ, ಅಲ್ಲಿ ನಗರದ ನಿವಾಸಿಗಳು ಮಾತ್ರ ಎಣಿಕೆಯಾಗಿರುತ್ತಾರೆ. 2011ರ ಜನಗಣತಿಯಂತೆ ಮಹಾನಗರಪಾಲಿಕೆಯ ಜನಸಂಖ್ಯೆ 5,02,793. ಮೇಲಿನ ಸಂಖ್ಯೆ ನೋಂದಣಿಯಿಂದ ಬಂದರೆ ಅದರಲ್ಲಿ ಆ ನಿವಾಸಿಗಳಲ್ಲದವರೂ ಇರುತ್ತಾರೆ. ಮೇಲಿನವರೂ ಕೆಳಗಿನವರೂ ಒಂದೇ ಜನಸಮುದಾಯದವರಲ್ಲದಿದ್ದರೆ ಭಾಗಲಬ್ಧಕ್ಕೆ ಅರ್ಥವಿರುವುದಿಲ್ಲ.

ಹ್ಯಾಲಿ ಲಂಡನ್ನನ್ನು ಬಿಟ್ಟುದೇಕೆ?

ಈ ತೊಡಕು ಹೊಸದಲ್ಲ. ಧೂಮಕೇತುವಿನಿಂದ ಎಲ್ಲರಿಗೂ ಪರಿಚಿತರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಆಯುಷ್ಯ ಕೋಷ್ಟಕವೊಂದನ್ನು ಪ್ರಕಟಿಸಿದರು. ಅವರಿದ್ದ ದೇಶದ ರಾಜಧಾನಿ ಲಂಡನ್ನಿನ ಮರಣಪಟ್ಟಿಗಳು ಆಗಲೇ ಪ್ರಸಿದ್ಧವಾಗಿದ್ದವು. ಜಾನ್ ಗ್ರಾಂಟ್ 1662ರಲ್ಲಿಯೇ ಅವುಗಳ ಮೇಲೆ ಗ್ರಂಥ ಬರೆದಿದ್ದರು. ಆದರೂ ಹ್ಯಾಲಿ ಆ ಪಟ್ಟಿಗಳನ್ನು ಕೈಬಿಟ್ಟು, ಇಂದಿನ ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ದಾಖಲೆಗಳನ್ನು ಆರಿಸಿಕೊಂಡರು. ಲಂಡನ್ ಮತ್ತು ಡಬ್ಲಿನ್ ನಗರಗಳಿಗೆ ಹೊರಗಿನವರು ಬಹುಸಂಖ್ಯೆಯಲ್ಲಿ ಬಂದು ಅಲ್ಲಿಯೇ ಸಾಯುತ್ತಾರೆ, ಆದ್ದರಿಂದ ಆ ನಗರಗಳು ಮಾನದಂಡವಾಗಲಾರವು ಎಂಬುದು ಅವರು ಕೊಟ್ಟ ಕಾರಣ. ಲಂಡನ್ನಿಗೆ ಜನರು ಉದ್ಯೋಗ ಅರಸಿ ಬರುತ್ತಿದ್ದರು, ಮಿರಜಕ್ಕೆ ಚಿಕಿತ್ಸೆ ಅರಸಿ ಬರುತ್ತಾರೆ. ಲೆಕ್ಕದ ದೋಷ ಮಾತ್ರ ಒಂದೇ ಜಾತಿಯದು.

ಬ್ರೆಸ್ಲಾವ್ ಸಮುದ್ರದಿಂದ ದೂರದ ಊರು, ಹೊರಗಿನವರು ಕಡಿಮೆ. ಅಲ್ಲಿನ ಪಾದ್ರಿ ಕಾಸ್ಪರ್ ನೋಯ್ಮನ್ 1687ರಿಂದ 1691ರವರೆಗಿನ ಐದು ವರ್ಷಗಳ ಜನನ-ಮರಣಗಳನ್ನು ವಯಸ್ಸು ಸಹಿತ ಸಂಗ್ರಹಿಸಿದ್ದರು. ವರ್ಷಕ್ಕೆ ಸರಾಸರಿ 1,238 ಜನನ, 1,174 ಮರಣ. ನಗರದ ಜನಸಂಖ್ಯೆ ಎಷ್ಟೆಂಬುದು ಹ್ಯಾಲಿಗೆ ಗೊತ್ತಿರಲಿಲ್ಲ. ಆದರೆ ಜನನ ಮರಣಗಳು ಹತ್ತಿರಹತ್ತಿರ ಸಮನಾಗಿದ್ದು ಬರುವವರೂ ಹೋಗುವವರೂ ಕಡಿಮೆಯಿದ್ದರೆ, ಮರಣಗಳನ್ನು ವಯಸ್ಸಿನಂತೆ ಕಳೆಯುತ್ತ ಹೋಗಿಯೇ ಪ್ರತಿ ವಯಸ್ಸಿನಲ್ಲಿ ಎಷ್ಟು ಜನ ಬದುಕಿರುತ್ತಾರೆ ಎಂಬುದನ್ನು ಪಡೆಯಬಹುದು. ಹುಟ್ಟಿದ 1,238 ಶಿಶುಗಳಲ್ಲಿ 348 ಮೊದಲ ವರ್ಷದಲ್ಲಿಯೇ ತೀರಿಕೊಳ್ಳುತ್ತಿದ್ದವು. ಆರು ವರ್ಷ ತುಂಬಿಸುವವರು 692. ಹೀಗೆ ಎಲ್ಲ ವಯಸ್ಸಿನವರನ್ನು ಕೂಡಿಸಿ ನಗರದ ಜನಸಂಖ್ಯೆ 34,000 ಎಂದು ಹ್ಯಾಲಿ ಕಂಡುಕೊಂಡರು. ಅದನ್ನು 1,238ರಿಂದ ಭಾಗಿಸಿದರೆ ಸುಮಾರು 27.5 ವರ್ಷ ಬರುತ್ತದೆ. ಅದೇ ಆ ನಗರದ ಜನನಕಾಲದ ನಿರೀಕ್ಷಿತ ಆಯುಷ್ಯ.

ಬ್ರೆಸ್ಲಾವಿನವರು 27ನೆಯ ವಯಸ್ಸಿಗೇ ಮುದುಕರಾಗುತ್ತಿದ್ದರೆ? ಇಲ್ಲ. ಹ್ಯಾಲಿಯ ಕೋಷ್ಟಕದಲ್ಲಿ 20ನೆಯ ವಯಸ್ಸಿನವರು 598 ಇದ್ದರೆ 60ರ ವಯಸ್ಸಿನವರು 242. ಅಂದರೆ ಇಪ್ಪತ್ತನ್ನು ಮುಟ್ಟಿದವರಲ್ಲಿ ಹತ್ತಕ್ಕೆ ನಾಲ್ವರು ಅರವತ್ತನ್ನೂ ಮುಟ್ಟುತ್ತಿದ್ದರು. ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದದ್ದು ಎಳೆಯ ಮಕ್ಕಳ ಮರಣ. ಅಜ್ಜಿಯ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿಯೇ ಸಿಗುತ್ತದೆ.

ಹ್ಯಾಲಿಯ ಉಪಾಯವನ್ನು ಇಂದಿನ ಸಾಂಗಲಿಗೆ ಅನ್ವಯಿಸಲಾಗದು. ಇಲ್ಲಿ ಜನನಗಳು ಮರಣಗಳಿಗಿಂತ ಹೆಚ್ಚು, ಜನರ ಓಡಾಟವೂ ಬಹಳ. ಆದ್ದರಿಂದ ಇಂದಿನ ಆಯುಷ್ಯ ಕೋಷ್ಟಕಕ್ಕೆ ಮರಣಗಳೊಂದಿಗೆ ಆಯಾ ವಯಸ್ಸಿನ ಜನಸಂಖ್ಯೆಯೂ ಬೇಕೇ ಬೇಕು.

ಕೋಷ್ಟಕದ ರಚನೆ

ಕಲ್ಪನೆ ಸರಳವಾದುದು. ಒಂದೇ ದಿನ ಒಂದು ಲಕ್ಷ ಶಿಶುಗಳು ಹುಟ್ಟಿದವೆಂದು ಭಾವಿಸಬೇಕು. ಈ ವರ್ಷ ಊರಿನಲ್ಲಿ ಆಯಾ ವಯಸ್ಸಿನವರು ಯಾವ ಪ್ರಮಾಣದಲ್ಲಿ ಮರಣ ಹೊಂದಿದರೋ ಅದೇ ಪ್ರಮಾಣವನ್ನು ಆ ಶಿಶುಗಳು ಜೀವನಪರ್ಯಂತ ಎದುರಿಸುತ್ತವೆ ಎಂದುಕೊಳ್ಳಬೇಕು. ಕೊನೆಯವರು ಅಳಿಯುವವರೆಗೆ ಅವರೆಲ್ಲರೂ ಬದುಕಿದ ವರ್ಷಗಳನ್ನು ಕೂಡಿಸಿ ಒಂದು ಲಕ್ಷದಿಂದ ಭಾಗಿಸಿದರೆ ಜನನಕಾಲದ ನಿರೀಕ್ಷಿತ ಆಯುಷ್ಯ ದೊರೆಯುತ್ತದೆ. ಈ ಒಂದು ಲಕ್ಷ ಜನ ಕಾಲ್ಪನಿಕರು. ಇಂದು ಹುಟ್ಟಿದ ಮಗು 2080ರಲ್ಲಿ ಎದುರಿಸುವ ಮರಣಪ್ರಮಾಣ ಯಾರಿಗೂ ತಿಳಿದಿಲ್ಲ. ಕೋಷ್ಟಕವು ಈ ವರ್ಷದ ಸ್ಥಿತಿಯನ್ನು ಅಳೆಯುತ್ತದೆ, ಭವಿಷ್ಯ ನುಡಿಯುವುದಿಲ್ಲ.

ತರಗತಿಯಲ್ಲಿ ಮಾಡಿ ತೋರಿಸಲು ಕೆಳಗೆ ಒಂದು ಲಕ್ಷ ನಿವಾಸಿಗಳ ಪಟ್ಟಣವೊಂದನ್ನು ಕಲ್ಪಿಸಲಾಗಿದೆ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಆರಿಸಿದವು, ಯಾವ ನಿಜವಾದ ಊರಿನವೂ ಅಲ್ಲ. ಪ್ರಕಟಿತ ಕೋಷ್ಟಕಗಳಲ್ಲಿ ಶೈಶವದ ಅನಂತರ ಐದೈದು ವರ್ಷಗಳ ವಯೋವರ್ಗಗಳಿರುತ್ತವೆ. ಇಲ್ಲಿ ವರ್ಗಗಳನ್ನು ದೊಡ್ಡದಾಗಿಸಿದೆ, ಆದ್ದರಿಂದ ಉತ್ತರ ಸ್ವಲ್ಪ ಒರಟು.

| ವಯಸ್ಸು | ನಿವಾಸಿಗಳು | ನಿವಾಸಿಗಳ ಮರಣ | ಲಕ್ಷದಲ್ಲಿ ಉಳಿದು ಈ ವರ್ಗಕ್ಕೆ ಬಂದವರು | ಈ ವರ್ಗದಲ್ಲಿ ಅವರು ಬದುಕಿದ ಒಟ್ಟು ವರ್ಷ |
|---|---|---|---|---|
| 0–1 | 1,500 | 24 | 1,00,000 | 98,560 |
| 1–5 | 6,000 | 6 | 98,400 | 3,92,814 |
| 5–20 | 24,000 | 12 | 98,007 | 14,64,615 |
| 20–40 | 33,000 | 66 | 97,275 | 19,07,350 |
| 40–60 | 23,000 | 184 | 93,460 | 17,30,740 |
| 60–80 | 11,000 | 385 | 79,614 | 11,79,470 |
| 80 ಮೇಲೆ | 1,500 | 180 | 38,333 | 3,19,442 |

ಮೊದಲ ಮೂರು ಅಂಕಣಗಳು ದಾಖಲೆಯಿಂದ ಬಂದವು, ಕೊನೆಯ ಎರಡು ಲೆಕ್ಕದಿಂದ. 60–80ರ ಸಾಲನ್ನು ಬಿಡಿಸಿ ನೋಡಿದರೆ ಉಳಿದವು ತಾವಾಗಿ ತಿಳಿಯುತ್ತವೆ. 11,000 ಜನರಲ್ಲಿ ಒಂದು ವರ್ಷಕ್ಕೆ 385 ಮರಣ. ಆದ್ದರಿಂದ ವಾರ್ಷಿಕ ಮರಣಪ್ರಮಾಣ 385 ÷ 11,000 = 0.035. ಹಾಗಾದರೆ ಇಪ್ಪತ್ತು ವರ್ಷಗಳಲ್ಲಿ 20 × 0.035 = 0.7, ಅಂದರೆ ನೂರಕ್ಕೆ ಎಪ್ಪತ್ತು ಜನ ತೀರಿಕೊಳ್ಳುತ್ತಾರೆಯೇ? ಇಲ್ಲ, ಮತ್ತು ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 0.035 ಎಂಬುದು ಆಯಾ ವರ್ಷ ಬದುಕಿದ್ದವರ ಮೇಲಿನ ಪ್ರಮಾಣ. ಗುಂಪು ವರ್ಷ ಕಳೆದಂತೆ ಕರಗುತ್ತ ಹೋಗುವುದರಿಂದ ಮರಣಗಳೂ ಕಡಿಮೆಯಾಗುತ್ತವೆ. ಈ ವಯೋವರ್ಗದಲ್ಲಿ ಮಡಿಯುವವರು ಸರಾಸರಿ ಅರ್ಧ ಅವಧಿ, ಅಂದರೆ 10 ವರ್ಷ, ಬದುಕಿರುತ್ತಾರೆಂದು ಭಾವಿಸಿ 0.7ನ್ನು 1 + 10 × 0.035, ಅಂದರೆ 1.35ರಿಂದ ಭಾಗಿಸಬೇಕು. ಉತ್ತರ 0.5185.

ಇದು ಸರಿಯೇ ಎಂದು ಪರೀಕ್ಷಿಸಲು ಅರವತ್ತು ತುಂಬಿದ ಸಾವಿರ ಜನರನ್ನು ತೆಗೆದುಕೊಳ್ಳಬಹುದು. 518.5 ಜನ ಎಂಬತ್ತರೊಳಗೆ ತೀರಿಕೊಂಡರೆ ಅವರು ತಲಾ 10 ವರ್ಷದಂತೆ 5,185 ವರ್ಷ ಬದುಕಿದರು. ಉಳಿದ 481.5 ಜನ ತಲಾ 20ರಂತೆ 9,630 ವರ್ಷ. ಒಟ್ಟು 14,815 ವರ್ಷ. ಮರಣ 518.5ನ್ನು ಅದರಿಂದ ಭಾಗಿಸಿದರೆ ಮತ್ತೆ 0.035 ಬರುತ್ತದೆ. ಹೊರಟಲ್ಲಿಗೇ ಬಂದು ತಲುಪಿದೆವೆಂದರೆ ದಾರಿ ಸರಿಯಾಗಿದೆ.

ಕೋಷ್ಟಕದಲ್ಲಿ ಅರವತ್ತಕ್ಕೆ ಬಂದವರು 79,614. ಅದನ್ನು 0.5185ರಿಂದ ಗುಣಿಸಿದರೆ 41,281 ಮರಣ, ಉಳಿಯುವವರು 38,333. ಪ್ರತಿ ಸಾಲಿನ ಉಳಿಕೆಯೇ ಮುಂದಿನ ಸಾಲಿನ ಆರಂಭ. ಎರಡು ತುದಿಗಳ ಸಾಲುಗಳಿಗೆ ಮಾತ್ರ ಬೇರೆ ಕ್ರಮವಿದೆ. ಶಿಶುಗಳ ಸಾಲಿನಲ್ಲಿ ಮರಣವನ್ನು ಜನಸಂಖ್ಯೆಯಿಂದಲ್ಲ, ಆ ವರ್ಷದ ಜನನಗಳಿಂದ ಭಾಗಿಸುತ್ತಾರೆ. ಇಲ್ಲಿ 1,500 ಜನನಗಳಿಗೆ 24 ಮರಣ, ಅಂದರೆ 0.016. ಶಿಶುಮರಣಗಳು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿಯೇ ಸಂಭವಿಸುವುದರಿಂದ ಮಡಿದ ಶಿಶುವಿಗೆ ಅರ್ಧ ವರ್ಷದ ಬದಲು ವರ್ಷದ ಹತ್ತನೆಯ ಒಂದು ಭಾಗವನ್ನು ಮಾತ್ರ ಕೊಡಲಾಗಿದೆ. ಎಂಬತ್ತರ ಮೇಲಿನ ಸಾಲಿಗೆ ಅಂತ್ಯವಿಲ್ಲ, ಅಲ್ಲಿ ಬಂದವರ ಸಂಖ್ಯೆಯನ್ನು ಮರಣಪ್ರಮಾಣದಿಂದ (180 ÷ 1,500 = 0.12) ನೇರವಾಗಿ ಭಾಗಿಸಬೇಕು.

ಕೊನೆಯ ಅಂಕಣದ ಮೊತ್ತ 70,92,991 ವರ್ಷ. ಒಂದು ಲಕ್ಷದಿಂದ ಭಾಗಿಸಿದರೆ 70.9. ಇದು ಪಟ್ಟಣದ ಜನನಕಾಲದ ನಿರೀಕ್ಷಿತ ಆಯುಷ್ಯ. ಇನ್ನು ಅರವತ್ತರ ಅನಂತರದ ಎರಡು ಸಾಲುಗಳನ್ನು ಮಾತ್ರ ಕೂಡಿಸಿ 79,614ರಿಂದ ಭಾಗಿಸಿದರೆ 18.8 ಬರುತ್ತದೆ. ಅಂದರೆ ಅರವತ್ತನ್ನು ದಾಟಿದವರಿಗೆ ಇನ್ನೂ ಸರಾಸರಿ 18.8 ವರ್ಷಗಳ ನಿರೀಕ್ಷೆಯಿದೆ, ಅವರ ಆಯುಷ್ಯ 79ರ ಹತ್ತಿರ ಹೋಗುತ್ತದೆ. ಅಜ್ಜಿಯ ಪ್ರಶ್ನೆಗೆ ಈಗ ಪೂರ್ಣ ಉತ್ತರ ದೊರೆಯಿತು: 70 ಎಂಬುದು ಹುಟ್ಟಿದ ಗಳಿಗೆಯಿಂದ ನೋಡಿದ ಸರಾಸರಿ, ಎಲ್ಲ ಅಪಾಯಗಳನ್ನು ದಾಟಿ ಬಂದವರದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಮಡಿದವರ ವಯಸ್ಸುಗಳನ್ನು ಕೂಡಿಸಿ ಮಡಿದವರ ಸಂಖ್ಯೆಯಿಂದ ಭಾಗಿಸಿದರೆ ಆಗದೇ?’ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಇದೇ ಪಟ್ಟಣದ 857 ಮರಣಗಳಿಗೆ, ಪ್ರತಿ ವರ್ಗದ ನಡುವಯಸ್ಸನ್ನು ಹಿಡಿದು ಹಾಗೆ ಮಾಡಿದರೆ ಸುಮಾರು 63 ವರ್ಷ ಬರುತ್ತದೆ. 70.9ಕ್ಕಿಂತ ಏಳೆಂಟು ವರ್ಷ ಕಡಿಮೆ. ಪಟ್ಟಣದಲ್ಲಿ ತರುಣರು ಹೆಚ್ಚು, ಮುದುಕರು ಕಡಿಮೆ ಇರುವುದರಿಂದ ಮಡಿದವರ ಪಟ್ಟಿಯಲ್ಲಿಯೂ ಮುದುಕರ ಪಾಲು ಕಡಿಮೆಯಾಗುತ್ತದೆ. ವಯೋವರ್ಗದ ಜನಸಂಖ್ಯೆಯಿಂದ ಭಾಗಿಸಿದಾಗ ಮಾತ್ರ ಈ ಓರೆ ಸರಿಯಾಗುತ್ತದೆ. ಪತ್ರಿಕೆಗಳಲ್ಲಿಯೂ ಕೆಲವೊಮ್ಮೆ ಮರಣವಯಸ್ಸಿನ ಸರಾಸರಿಯನ್ನೇ ಆಯುಷ್ಯವೆಂದು ಬರೆಯುವುದುಂಟು. ಅದನ್ನು ಒಪ್ಪಲಾಗದು.

ಅದೇ ಪಟ್ಟಣ, ಆಸ್ಪತ್ರೆಯ ಊರಾದಾಗ

ಈಗ ಇದೇ ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆಗಳಿವೆ ಎಂದುಕೊಳ್ಳೋಣ. ನಿವಾಸಿಗಳ ಆರೋಗ್ಯದಲ್ಲಿ ಯಾವ ಬದಲಾವಣೆಯೂ ಇಲ್ಲ. ನೋಂದಣಿಯಲ್ಲಿ ಮಾತ್ರ ಹೊರಗಿನವರ ಮರಣಗಳೂ ಸೇರಿ 1–5ರ ವರ್ಗದಲ್ಲಿ 12, 5–20ರಲ್ಲಿ 24, 20–40ರಲ್ಲಿ 132, 40–60ರಲ್ಲಿ 276, 60–80ರಲ್ಲಿ 495, ಎಂಬತ್ತರ ಮೇಲೆ 210 ಆದವು. ಶಿಶುಗಳ ಸಾಲಿನಲ್ಲಿ ಒಂದು ವಿಶೇಷವಿದೆ. ಹೆರಿಗೆಗೂ ಹೊರಗಿನವರು ಬರುವುದರಿಂದ ಜನನಗಳೂ 3,000ಕ್ಕೆ ಏರಿದವು, ಶಿಶುಮರಣಗಳು 72. ಕಷ್ಟದ ಹೆರಿಗೆಗಳೂ ನಿಶ್ಶಕ್ತ ಶಿಶುಗಳೂ ದೊಡ್ಡ ಆಸ್ಪತ್ರೆಗೆ ಬರುವುದರಿಂದ ಜನನಗಳು ಇಮ್ಮಡಿಯಾದರೆ ಶಿಶುಮರಣಗಳು ಮುಮ್ಮಡಿಯಾದವು.

ಮೊದಲಿನ ಕ್ರಮದಲ್ಲಿಯೇ ಕೋಷ್ಟಕ ರಚಿಸಿದರೆ ಒಟ್ಟು 64,76,210 ವರ್ಷಗಳು, ನಿರೀಕ್ಷಿತ ಆಯುಷ್ಯ 64.8. ಯಾವ ನಿವಾಸಿಯೂ ಒಂದು ದಿನ ಮೊದಲು ಸಾಯದೆಯೇ ಪಟ್ಟಣದ ಆಯುಷ್ಯ ಆರು ವರ್ಷ ಕುಗ್ಗಿತು. ಒಳ್ಳೆಯ ಆಸ್ಪತ್ರೆಗಳಿರುವ ಊರೇ ಅನಾರೋಗ್ಯದ ಊರಾಗಿ ಕಾಣಿಸಿತು.

ನಾಣ್ಯದ ಇನ್ನೊಂದು ಮುಖ ಹಳ್ಳಿಗಳಲ್ಲಿದೆ, ಮತ್ತು ಅದು ಹೆಚ್ಚು ಅಪಾಯದ್ದು. ಪಟ್ಟಣದ ದಾಖಲೆಗೆ ಸೇರಿದ ಮರಣವು ಯಾವುದೋ ಹಳ್ಳಿಯ ದಾಖಲೆಯಲ್ಲಿ ಇಲ್ಲ. 60–80ರ ಮರಣಪ್ರಮಾಣ ನಿಜವಾಗಿ 0.035 ಇರುವ ಹಳ್ಳಿಗಳ ಗುಂಪೊಂದರಲ್ಲಿ ನೂರಕ್ಕೆ ನಲವತ್ತು ಮರಣಗಳು ಹೊರಗೆ ದಾಖಲಾದರೆ ಪ್ರಮಾಣ 0.021 ಎಂದು ಕಾಣುತ್ತದೆ. ಆಗ ಅರವತ್ತು ತುಂಬಿದ ನೂರು ಜನರಲ್ಲಿ ಎಂಬತ್ತನ್ನು ಮುಟ್ಟುವವರು 48ರ ಬದಲು 65 ಎಂದು ಲೆಕ್ಕ ಹೇಳುತ್ತದೆ. ಮನೆಯಲ್ಲಿಯೇ ಸಂಭವಿಸಿ ನೋಂದಣಿಯಾಗದೆ ಉಳಿದ ಮರಣಗಳಿದ್ದರೆ ಚಿತ್ರ ಇನ್ನಷ್ಟು ಸುಂದರವಾಗುತ್ತದೆ. ಆರೋಗ್ಯಕೇಂದ್ರ ದೂರವಿರುವ, ಹಾಗಾಗಿ ರೋಗಿಗಳನ್ನು ಹೊರಗೆ ಒಯ್ಯಲೇಬೇಕಾದ ಭಾಗವೇ ಕಾಗದದ ಮೇಲೆ ದೀರ್ಘಾಯುಷಿಗಳ ನಾಡಾಗುತ್ತದೆ. ಇಂಥ ಅಂಕಿಗಳನ್ನು ನಂಬಿ ಆರೋಗ್ಯಸೇವೆಯನ್ನು ಹಂಚಿದರೆ ಯಾರಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಗಡಿಭಾಗದ ಶಿಕ್ಷಕರಿಗೆ ವಿವರಿಸಬೇಕಾಗಿಲ್ಲ.

ಸರಿಪಡಿಸುವ ದಾರಿ

ಪರಿಹಾರ ನೋಂದಣಿಯ ನಮೂನೆಯಲ್ಲಿಯೇ ಇದೆ. ಮರಣದ ಸೂಚನೆ ನೀಡುವ ನಮೂನೆ 2ರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಾನೂನಿನ ಮಾಹಿತಿ, ಪ್ರಮಾಣಪತ್ರಕ್ಕೆ ಬೇಕಾದುದು. ಎರಡನೆಯದು ಸಂಖ್ಯಾಶಾಸ್ತ್ರೀಯ ಮಾಹಿತಿ, ಅದರಲ್ಲಿ ಮೃತರು ವಾಸವಾಗಿದ್ದ ಊರು, ತಾಲೂಕು, ಜಿಲ್ಲೆ, ರಾಜ್ಯಗಳನ್ನು ಕೇಳಲಾಗುತ್ತದೆ. ಮರಣಗಳನ್ನು ಸಂಭವಿಸಿದ ಸ್ಥಳದಂತೆ ಅಲ್ಲದೆ ವಾಸಸ್ಥಳದಂತೆ ಮತ್ತೆ ವಿಂಗಡಿಸಿದರೆ ಮಿರಜದಲ್ಲಿ ದಾಖಲಾದ ಜತ್ತದ ಮರಣವು ಜತ್ತಕ್ಕೆ ಮರಳುತ್ತದೆ. ಆದರೆ ಮನೆಯವರು ದುಃಖದಲ್ಲಿರುವಾಗ ಯಾರೋ ಅವಸರದಲ್ಲಿ ತುಂಬುವ ಭಾಗವಿದು. ಪ್ರಮಾಣಪತ್ರಕ್ಕೆ ಅದರ ಅಗತ್ಯವಿಲ್ಲದ್ದರಿಂದ ಖಾಲಿ ಬಿಡುವುದೂ, ಚಿಕಿತ್ಸೆಯ ವೇಳೆ ಇಳಿದುಕೊಂಡಿದ್ದ ನೆಂಟರ ಮನೆಯ ವಿಳಾಸವನ್ನೇ ಬರೆಯುವುದೂ ನಡೆಯಬಹುದು. ಹಾಗಾದಾಗ ಆ ಮರಣ ಮಿರಜದಲ್ಲಿಯೇ ಉಳಿಯುತ್ತದೆ.

ಇನ್ನೊಂದು ದಾರಿ ಇಡೀ ಜಿಲ್ಲೆಯನ್ನು ಒಂದೇ ಘಟಕವಾಗಿ ತೆಗೆದುಕೊಳ್ಳುವುದು. ಆಗ ಜತ್ತದ ಕೊರತೆಯೂ ಮಿರಜದ ಹೆಚ್ಚಳವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. 2011ರಲ್ಲಿ 28,22,143 ಜನರಿದ್ದ ಜಿಲ್ಲೆಗೆ ಇದು ಯೋಗ್ಯ ಕ್ರಮ. ಆದರೂ ಅಥಣಿ, ರಾಯಬಾಗಗಳಿಂದ ಬಂದವರ ಮರಣಗಳು ಹೆಚ್ಚುವರಿಯಾಗಿ ಉಳಿಯುತ್ತವೆ, ಕೊಲ್ಲಾಪುರ, ಪುಣೆ, ಮುಂಬಯಿಗಳಲ್ಲಿ ಮಡಿದ ಸಾಂಗಲಿಯವರು ಬಿಟ್ಟುಹೋಗುತ್ತಾರೆ. ಗಡಿಜಿಲ್ಲೆಗೆ ಈ ದೋಷ ಪೂರ್ತಿ ತಪ್ಪುವುದಿಲ್ಲ. ಜೊತೆಗೆ 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ ಭಾಜಕವಾದ ಜನಸಂಖ್ಯೆಯನ್ನೂ 2011ರಿಂದ ಅಂದಾಜಿಸಿಯೇ ಪಡೆಯಬೇಕಾಗಿದೆ.

ಭಾರತದ ಅಧಿಕೃತ ಆಯುಷ್ಯ ಕೋಷ್ಟಕಗಳು ಸಾಮಾನ್ಯ ನೋಂದಣಿಯನ್ನು ಅವಲಂಬಿಸದೆ ಮಾದರಿ ನೋಂದಣಿ ಪದ್ಧತಿಯಿಂದ ತಯಾರಾಗುತ್ತವೆ. ಆಯ್ದ ಹಳ್ಳಿಗಳಲ್ಲಿಯೂ ನಗರದ ಆಯ್ದ ಭಾಗಗಳಲ್ಲಿಯೂ ಸ್ಥಳೀಯ ಅರೆಕಾಲಿಕ ಗಣತಿದಾರರೊಬ್ಬರು ವರ್ಷವಿಡೀ ಜನನ-ಮರಣಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಮನೆಮನೆಗೆ ಹೋಗಿ ಪ್ರತ್ಯೇಕವಾಗಿ ವಿಚಾರಿಸುತ್ತಾರೆ. ಎರಡು ಪಟ್ಟಿಗಳನ್ನು ಹೋಲಿಸಿ ಹೊಂದದಿದ್ದುದನ್ನು ಮತ್ತೆ ಪರಿಶೀಲಿಸುತ್ತಾರೆ. ಇಲ್ಲಿ ಎಣಿಸುವುದು ನಿವಾಸಿಗಳನ್ನು. ನಿವಾಸಿ ಮಿರಜದಲ್ಲಿ ಮಡಿದರೂ ಅವರ ಹಳ್ಳಿಯ ಲೆಕ್ಕಕ್ಕೇ ಬರುತ್ತಾರೆ. ಎಷ್ಟೋ ಕಡೆ ಈ ಗಣತಿದಾರರು ಶಾಲೆಯ ಶಿಕ್ಷಕರೇ ಆಗಿರುತ್ತಾರೆಂಬುದು ಈ ಕೈಪಿಡಿಯ ಓದುಗರಿಗೆ ತಿಳಿದ ವಿಷಯ. 2016–20ರ ಅವಧಿಗೆ ಈ ಪದ್ಧತಿ ಕೊಟ್ಟ ಭಾರತದ ನಿರೀಕ್ಷಿತ ಆಯುಷ್ಯ 70.0 ವರ್ಷ. ಆದರೆ ಮಾದರಿಯ ಗಾತ್ರ ರಾಜ್ಯಮಟ್ಟಕ್ಕೆ ಸಾಕಾಗುವಷ್ಟೇ ಇರುವುದರಿಂದ ಸಾಂಗಲಿ ಜಿಲ್ಲೆಯದೆಂದು ಪ್ರತ್ಯೇಕ ಅಂಕಿ ಅದರಿಂದ ದೊರೆಯುವುದಿಲ್ಲ. ಯಾರಾದರೂ ಜಿಲ್ಲೆಯ ಆಯುಷ್ಯವನ್ನು ದಶಾಂಶ ಸಹಿತ ಹೇಳಿದರೆ ಅದು ಯಾವ ಮರಣಗಳಿಂದ, ಯಾವ ಜನಸಂಖ್ಯೆಯಿಂದ ಬಂತೆಂದು ಮೊದಲು ಕೇಳಬೇಕು.

ತರಗತಿಯ ಚಟುವಟಿಕೆಗೆ

ಗ್ರಾಮದ ದಾಖಲೆಯಿಂದ ಆಯುಷ್ಯ ಕೋಷ್ಟಕವನ್ನೇ ರಚಿಸುವ ಉತ್ಸಾಹ ಬೇಡ. 3,000 ಜನರ ಹಳ್ಳಿಯಲ್ಲಿ ಮೇಲಿನ ಪ್ರಮಾಣಗಳಂತೆ ವರ್ಷಕ್ಕೆ ಸುಮಾರು 26 ಮರಣಗಳೂ 45 ಜನನಗಳೂ ಆಗಬಹುದು. ಶಿಶುಮರಣ ಒಂದು ವರ್ಷ ಸೊನ್ನೆ, ಮರುವರ್ಷ ಎರಡು ಆಗುವುದು ಕೇವಲ ಆಕಸ್ಮಿಕ. ಆದರೆ ಆ ಎರಡು ಮರಣಗಳಿಂದಲೇ ಲೆಕ್ಕದಲ್ಲಿ ಹಳ್ಳಿಯ ಆಯುಷ್ಯ ಮೂರು ವರ್ಷ ಕುಸಿಯುತ್ತದೆ. ಮಾದರಿ ನೋಂದಣಿಯ ಕೋಷ್ಟಕಗಳು ಐದು ವರ್ಷಗಳನ್ನು ಒಟ್ಟುಗೂಡಿಸುವುದು ಈ ಏರಿಳಿತವನ್ನು ತಗ್ಗಿಸಲೆಂದೇ.

ಅದಕ್ಕಿಂತ ದಾಖಲೆಯ ಗುಣವನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ಸ್ಥಳೀಯ ನಿಬಂಧಕರಿಂದ, ಹೆಸರುಗಳನ್ನು ಬಿಟ್ಟು, ಕೆಲವು ವರ್ಷಗಳ ಮರಣಗಳ ವಯಸ್ಸನ್ನು ಮಾತ್ರ ಪಡೆಯಲು ಸಾಧ್ಯವಾದರೆ ಅವುಗಳ ಕೊನೆಯ ಅಂಕಿಯನ್ನು ಎಣಿಸಲು ಹೇಳಬೇಕು. ವಯಸ್ಸು ಸರಿಯಾಗಿ ದಾಖಲಾಗಿದ್ದರೆ 0 ಅಥವಾ 5ರಿಂದ ಕೊನೆಗೊಳ್ಳುವವು ಸುಮಾರು ಐದರಲ್ಲೊಂದು ಪಾಲು ಇರಬೇಕು. 60, 65, 70 ಎಂಬ ವಯಸ್ಸುಗಳೇ ರಾಶಿ ಬಿದ್ದಿದ್ದರೆ ಜನ್ಮದಿನಾಂಕ ತಿಳಿಯದೆ ಅಂದಾಜಿನಿಂದ ಬರೆಯಲಾಗಿದೆ ಎಂದರ್ಥ. 58ರಲ್ಲಿ ಮಡಿದವರನ್ನು 60 ಎಂದು ಬರೆದಾಗ ಮರಣವೊಂದು 40–60ರ ಸಾಲಿನಿಂದ 60–80ರ ಸಾಲಿಗೆ ಜಾರಿ ಮೊದಲನೆಯ ಸಾಲು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಥವಾ ಜೂನ್ 1 ಎಂಬ ಜನ್ಮದಿನಾಂಕವಿರುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಅವುಗಳಲ್ಲಿ ಜೂನ್ 1 ಎಂಬುದು ಒಂದು ಕಾಲದಲ್ಲಿ ಶಾಲೆಗೆ ಸೇರಿಸುವಾಗ ಗುರುಗಳೇ ಅನುಕೂಲಕ್ಕೆ ಬರೆದುಕೊಂಡ ದಿನಾಂಕವೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲು ಅಡ್ಡಿಯಿಲ್ಲ.

ಎರಡನೆಯ ಪರೀಕ್ಷೆಗೆ ದಾಖಲೆಯೂ ಬೇಡ. ತರಗತಿಯ ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ, ಕಳೆದ ಹತ್ತು ವರ್ಷಗಳಲ್ಲಿ ಕುಟುಂಬದಲ್ಲಿ ತೀರಿಕೊಂಡವರು ವಾಸವಿದ್ದ ಊರು ಯಾವುದು, ಮರಣ ಸಂಭವಿಸಿದ ಊರು ಯಾವುದು ಎಂಬೆರಡನ್ನು ಮಾತ್ರ ಬರೆದು ತರಬೇಕು. ಇತ್ತೀಚೆಗೆ ಸಾವು ಸಂಭವಿಸಿದ ಮನೆಯ ಮಕ್ಕಳನ್ನು ಇದರಿಂದ ಬಿಡುವುದು ಉಚಿತ. ಎರಡು ಊರುಗಳೂ ಒಂದೇ ಆಗಿರುವ ಮರಣಗಳನ್ನು ಕರಿಹಲಗೆಯ ಎಡಕ್ಕೂ, ಬೇರೆಯಾಗಿರುವುದನ್ನು ಬಲಕ್ಕೂ ಬರೆದು ಎಣಿಸಿದರೆ, ಆ ಹಳ್ಳಿಯ ಎಷ್ಟು ಮರಣಗಳು ಅದರದೇ ದಾಖಲೆಯಲ್ಲಿ ಇಲ್ಲ ಎಂಬುದು ಬಲಬದಿಯ ಸಾಲಿನಿಂದ ತಿಳಿಯುತ್ತದೆ.